14 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ: ಮಧ್ಯದ 9 ವೋಲ್ಟ್ ಏನಾಯ್ತು?

ಇವತ್ತಿನ ಸಂಚಿಕೆಗೆ ವಿಷಯ ಕೊಟ್ಟವರು ತೋಟ ಮಾಡಿಕೊಂಡಿರುವ ಒಬ್ಬ ಕೇಳುಗರು. ಹನಿ ನೀರಾವರಿಗೆ ಅಂತ ಅವರೇ ಒಂದು ಚಿಕ್ಕ ಕಂಟ್ರೋಲರ್ ಕಟ್ಟಿಕೊಂಡಿದ್ದಾರೆ. ಸೋಲಾರ್ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ಒಂದು ಬೋರ್ಡು, ಪಂಪಿಗೊಂದು ವಾಲ್ವಿಗೊಂದು ರಿಲೇ. ಬೋರ್ಡಿಗೂ ರಿಲೇಗೂ ಬೇಕಾಗಿರೋದು 5 ವೋಲ್ಟ್. ಅದನ್ನು 12 ವೋಲ್ಟಿನಿಂದ ಇಳಿಸೋಕೆ 7805 ಅನ್ನೋ ಮೂರು ಕಾಲಿನ ರೆಗ್ಯುಲೇಟರ್ ಹಾಕಿದ್ದಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತೆ, ನೀವೂ ನೋಡಿರ್ತೀರಿ.

ಅವರ ತೊಂದರೆ ಇಷ್ಟು. ರಾತ್ರಿ ನೀರು ಹಾಯಿಸಿದರೆ ಎಲ್ಲ ಸರಿಯಾಗಿರುತ್ತೆ. ಮಧ್ಯಾಹ್ನ ಹಾಯಿಸಿದರೆ ಸ್ವಲ್ಪ ಹೊತ್ತಿಗೇ ರಿಲೇ ಟಪ್ ಅಂತ ಬಿಡುತ್ತೆ, ಬೋರ್ಡು ರೀಸ್ಟಾರ್ಟ್ ಆಗುತ್ತೆ, ಮತ್ತೆ ಹಿಡಿಯುತ್ತೆ, ಮತ್ತೆ ಬಿಡುತ್ತೆ. ಪಂಪ್ ಹೀಗೆ ಪದೇಪದೇ ಆನ್ ಆಫ್ ಆದರೆ ಮೋಟಾರಿನ ಗತಿ ಏನು ಅನ್ನೋದು ಅವರ ಚಿಂತೆ. ಅಂಗಡಿಯಲ್ಲಿ ಕೇಳಿದ್ದಕ್ಕೆ, "ಹಳೇ 7805 ಬೇಡ ಸಾರ್, ಎಲ್‌ಡಿಒ ಹಾಕಿ. ಡ್ರಾಪ್‌ಔಟ್ ಕಮ್ಮಿ, ಬಿಸಿ ಕಮ್ಮಿ" ಅಂದರಂತೆ. ಹಾಕಲಾ ಅಂತ ನನ್ನನ್ನು ಕೇಳಿದ್ದಾರೆ.

ಹಾಕಬೇಡಿ. ಯಾಕೆ ಅಂತ ಹೇಳೋಕೆ ಮುಂಚೆ ಡ್ರಾಪ್‌ಔಟ್ ಅಂದರೆ ಏನು ಅನ್ನೋದನ್ನು ನೋಡಿಬಿಡೋಣ. ಗೊಂದಲ ಇರೋದೇ ಅಲ್ಲಿ.

ಕೆರೆಯ ತೂಬನ್ನು ನೆನಪು ಮಾಡಿಕೊಳ್ಳಿ. ಕೆರೆಯಲ್ಲಿ ನೀರು ಎಷ್ಟೇ ಎತ್ತರ ಇರಲಿ, ತೂಬನ್ನು ಹೆಚ್ಚು ಕಮ್ಮಿ ತೆರೆದು ಕಾಲುವೆಯಲ್ಲಿ ಒಂದೇ ಮಟ್ಟ ಕಾಯ್ದುಕೊಳ್ಳಬಹುದು. ಲೀನಿಯರ್ ರೆಗ್ಯುಲೇಟರ್ ಮಾಡೋದು ಇದನ್ನೇ. ಅದರೊಳಗಿನ ಟ್ರಾನ್ಸಿಸ್ಟರ್ ತೂಬಿನ ಹಾಗೆ ತನ್ನನ್ನು ಬಿಗಿ ಮಾಡಿಕೊಳ್ಳುತ್ತಾ, ಸಡಿಲ ಮಾಡಿಕೊಳ್ಳುತ್ತಾ ಹೊರಗಡೆ 5 ವೋಲ್ಟ್ ನಿಲ್ಲಿಸುತ್ತೆ. ಆದರೆ ಕೆರೆಯ ನೀರೇ ಇಳಿದುಹೋದರೆ? ತೂಬು ಪೂರ್ತಿ ತೆರೆದರೂ ಕಾಲುವೆಯ ಮಟ್ಟ ಉಳಿಯಲ್ಲ. ಅಂದರೆ ಕೆರೆ ಕಾಲುವೆಗಿಂತ ಇಂತಿಷ್ಟಾದರೂ ಮೇಲಿರಬೇಕು. ಆ "ಇಂತಿಷ್ಟಾದರೂ" ಅನ್ನೋದೇ ಡ್ರಾಪ್‌ಔಟ್ ವೋಲ್ಟೇಜ್.

7805ರಲ್ಲಿ ಅದು ಸುಮಾರು 2 ವೋಲ್ಟ್. ಒಳಗಿನ ಟ್ರಾನ್ಸಿಸ್ಟರ್ ಜೋಡಿಯನ್ನು ತೆರೆದಿಡೋಕೇ ಅಷ್ಟು ಬೇಕು. ಹಾಗಾಗಿ 5 ವೋಲ್ಟ್ ಬೇಕಾದರೆ ಒಳಗೆ ಕನಿಷ್ಠ 7 ವೋಲ್ಟ್ ಬರ್ತಿರಬೇಕು. 6ಕ್ಕೆ ಇಳಿದರೆ ಹೊರಗೆ 4, ನಾಲ್ಕೂವರೆ ಹೀಗೆ ಏನೋ ಒಂದು ಬರುತ್ತೆ. ಒಳಗಿನದು ಇಳಿದ ಹಾಗೆ ಹೊರಗಿನದೂ ಇಳಿಯುತ್ತೆ. ಆಗ ಅದು ರೆಗ್ಯುಲೇಟರ್ ಆಗಿ ಉಳಿದಿರೋದಿಲ್ಲ, ಬರೀ ತಂತಿಯ ಜಾಗದಲ್ಲಿ ಕೂತ ಒಂದು ಅಡ್ಡಿ ಅಷ್ಟೆ.

ಈಗ ಗಮನಿಸಿ. ಡ್ರಾಪ್‌ಔಟ್ ಅನ್ನೋದು ಕನಿಷ್ಠ ಅಗತ್ಯ. ನಿಮ್ಮ ರೆಗ್ಯುಲೇಟರ್ ಮೇಲೆ ಈ ಹೊತ್ತು ನಿಜಕ್ಕೂ ಬೀಳ್ತಿರೋ ವೋಲ್ಟೇಜ್ ಬೇರೆ. ಒಳಗೆ 14 ಬಂದು ಹೊರಗೆ 5 ಹೋದರೆ 9 ವೋಲ್ಟ್ ಅದರ ತಲೆ ಮೇಲೇ ಬೀಳುತ್ತೆ. ಅದರ ಡ್ರಾಪ್‌ಔಟ್ 2 ಇರಲಿ, 0.2 ಇರಲಿ, ಬೀಳೋ 9ರಲ್ಲಿ ಒಂದು ಚೂರೂ ಕಮ್ಮಿ ಆಗಲ್ಲ. ಬಿಸಿ ಹುಟ್ಟೋದು ಈ 9ರಿಂದ. ಬಿದ್ದ ವೋಲ್ಟೇಜನ್ನು ಹರಿಯೋ ಕರೆಂಟಿನಿಂದ ಗುಣಿಸಿದರೆ ಎಷ್ಟು ವ್ಯಾಟ್ ಶಾಖ ಅಂತ ಸಿಗುತ್ತೆ. ಲೆಕ್ಕ ಅಷ್ಟೆ.

ನಮ್ಮ ಕೇಳುಗರ ಪೆಟ್ಟಿಗೆಗೆ ಈ ಲೆಕ್ಕ ಹಾಕೋಣ. 5 ವೋಲ್ಟಿನ ಆ ಮಾಮೂಲಿ ನೀಲಿ ರಿಲೇ ಒಂದು ಸುಮಾರು 70 ಮಿಲಿ ಆಂಪಿಯರ್ ಎಳೆಯುತ್ತೆ. ಎರಡಕ್ಕೆ 140. ಬೋರ್ಡು, ಸೆನ್ಸರ್ ಸೇರಿ 60 ಅಂತ ಇಟ್ಟುಕೊಳ್ಳಿ. ಒಟ್ಟು 200 ಮಿಲಿ ಆಂಪಿಯರ್, ಅಂದರೆ 0.2 ಆಂಪಿಯರ್. 7805 1 ಆಂಪಿಯರ್ ತಡೆಯುತ್ತೆ ಅಂತ ಬರೆದಿರುತ್ತಲ್ಲ, ಇದು ಅದರ ಐದನೇ ಒಂದು ಭಾಗ ಅಷ್ಟೇ ಅನ್ನಿಸಬಹುದು. ಆದರೆ ಆ 1 ಆಂಪಿಯರ್ ಅನ್ನೋ ಮಾತು ಬಿಸಿಯನ್ನು ಹೊರಹಾಕೋ ಏರ್ಪಾಡು ಇದ್ದಾಗ ಮಾತ್ರ ನಿಜ.

ಮೊದಲು ರಾತ್ರಿ. ಬ್ಯಾಟರಿ 12.4 ವೋಲ್ಟ್. ಬೀಳೋದು 7.4, ಅದನ್ನು 0.2ರಿಂದ ಗುಣಿಸಿದರೆ ಸುಮಾರು ಒಂದೂವರೆ ವ್ಯಾಟ್. ಈ ಒಂದೂವರೆ ವ್ಯಾಟ್ ಚಿಪ್ಪನ್ನು ಎಷ್ಟು ಬಿಸಿ ಮಾಡುತ್ತೆ? ಅದಕ್ಕೆ ಡೇಟಾಶೀಟಿನಲ್ಲಿ ಒಂದು ಸಂಖ್ಯೆ ಇರುತ್ತೆ. ಪ್ರತಿ ವ್ಯಾಟಿಗೆ ಒಳಗಿನ ಸಿಲಿಕಾನ್ ಸುತ್ತಲ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗುತ್ತೆ ಅನ್ನೋದು. 7805ರ ದೊಡ್ಡ ಪ್ಯಾಕೇಜಿಗೆ, ಹೀಟ್‌ಸಿಂಕ್ ಇಲ್ಲದೆ, ಇದು ಒಂದೊಂದು ಕಂಪನಿಯ ಶೀಟಿನಲ್ಲಿ 50ರಿಂದ 65ರವರೆಗೆ ಇರುತ್ತೆ. ನಮ್ಮದು ಗಾಳಿಯಾಡದ ಪೆಟ್ಟಿಗೆ, ಅದಕ್ಕೆ 65 ತಗೊಳ್ತೀನಿ. ಒಂದೂವರೆ ವ್ಯಾಟಿಗೆ ಸುಮಾರು 96 ಡಿಗ್ರಿ ಏರಿಕೆ. ರಾತ್ರಿಯ ಗಾಳಿ 22 ಡಿಗ್ರಿ ಇದ್ದರೆ ಸಿಲಿಕಾನ್ 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತೆ. ಅದಕ್ಕೆ ಹಾಕಿಕೊಟ್ಟ ಮಿತಿ 125. ಬೇಯ್ತಾ ಇದೆ, ಆದರೂ ನಡೀತಾ ಇದೆ.

ಈಗ ಮಧ್ಯಾಹ್ನ. ಬಿಸಿಲಿಗೆ ಪೆಟ್ಟಿಗೆಯ ಒಳಗೆ 50 ಡಿಗ್ರಿ. ಜೊತೆಗೆ ಅದೇ ಬಿಸಿಲು ಪ್ಯಾನೆಲ್ ಮೇಲೂ ಬಿದ್ದು ಬ್ಯಾಟರಿ ಚಾರ್ಜ್ ಆಗ್ತಿದೆ. ಚಾರ್ಜ್ ಆಗೋವಾಗ ಅದರ ವೋಲ್ಟೇಜ್ 12.4 ಇರಲ್ಲ, 14.2ಕ್ಕೆ ಏರಿರುತ್ತೆ. ಬೀಳೋದು 9.2 ವೋಲ್ಟ್, ಶಾಖ 1.84 ವ್ಯಾಟ್, ಏರಿಕೆ 120 ಡಿಗ್ರಿ. ಅದಕ್ಕೆ 50 ಸೇರಿಸಿ, 170 ಡಿಗ್ರಿ ಆಯ್ತು.

ಅಷ್ಟಕ್ಕೆ ಹೋಗೋಕೆ ಚಿಪ್ಪೇ ಬಿಡಲ್ಲ. 7805 ಒಳಗೆ ಒಂದು ಕಾವಲು ಇದೆ, ಥರ್ಮಲ್ ಶಟ್‌ಡೌನ್ ಅಂತ. ಸಾಮಾನ್ಯವಾಗಿ 150 ದಾಟಿದ ಮೇಲೆ ಎಲ್ಲೋ ಒಂದು ಕಡೆ ಅದು ಹೊರಹೋಗೋ ಕರೆಂಟನ್ನು ಕತ್ತರಿಸುತ್ತೆ. ರಿಲೇ ಬಿಡುತ್ತೆ, ಚಿಪ್ಪು ತಣ್ಣಗಾಗುತ್ತೆ, ಮತ್ತೆ ಶುರುವಾಗುತ್ತೆ, ಮತ್ತೆ ಬಿಸಿ. ಅವರಿಗೆ ಕೇಳಿಸ್ತಿದ್ದ ಟಪ್ ಟಪ್ ಇದೇ. ರಾತ್ರಿ ಸರಿ, ಹಗಲು ಕೆಟ್ಟಿತು ಅನ್ನೋ ಒಗಟಿನಲ್ಲಿ ಬಿಸಿಲು ಎರಡು ಕಡೆಯಿಂದ ಕೆಲಸ ಮಾಡಿದೆ.

ಹಾಗಾದರೆ ಅಂಗಡಿಯವರ ಎಲ್‌ಡಿಒ ಹಾಕಿದ್ದರೆ? ಬೀಳೋದು ಅದೇ 9.2, ಹರಿಯೋದು ಅದೇ 0.2, ಶಾಖ ಅದೇ 1.84 ವ್ಯಾಟ್. ಚಿಪ್ಪು ಚಿಕ್ಕ ಪ್ಯಾಕೇಜಿನದಾದರೆ ಇನ್ನೂ ಬೇಗ ಕಾಯುತ್ತೆ. ಇನ್ನೊಂದು ಅಪಾಯ, ಕಮ್ಮಿ ಡ್ರಾಪ್‌ಔಟಿನ ಎಷ್ಟೋ ಚಿಪ್ಪುಗಳಿಗೆ ಹೆಚ್ಚು ವೋಲ್ಟೇಜ್ ತಡೆಯೋ ಶಕ್ತಿ ಇಲ್ಲ. ಎಂಸಿಪಿ1700 ಅನ್ನೋದು ಒಳ್ಳೇ ಚಿಪ್ಪು, ಆದರೆ ಅದಕ್ಕೆ ಒಳಗೆ ಕೊಡಬಹುದಾದ್ದು ಹೆಚ್ಚೆಂದರೆ 6 ವೋಲ್ಟ್. 12 ವೋಲ್ಟಿಗೆ ಸಿಕ್ಕಿಸಿದರೆ ಕಥೆ ಮುಗೀತು.

ಅದು ನಿಜಕ್ಕೂ ಬೇಕಾಗೋದು ಬೇರೆ ಜಾಗದಲ್ಲಿ. ಒಂದು ಲಿಥಿಯಂ ಸೆಲ್‌ನಿಂದ 3.3 ವೋಲ್ಟ್ ಮಾಡಬೇಕು ಅಂದುಕೊಳ್ಳಿ. ಸೆಲ್ ತುಂಬಿದಾಗ 4.2, ಬಳಸ್ತಾ ಬಳಸ್ತಾ 3.5ಕ್ಕೆ, ಇನ್ನೂ ಕೆಳಗೆ ಇಳಿಯುತ್ತೆ. ಎಲ್ಲರೂ ಹಾಕೋ ಎಎಂಎಸ್1117ಗೆ ಪೂರ್ತಿ ಲೋಡಿನಲ್ಲಿ ಸುಮಾರು 1.1 ವೋಲ್ಟ್ ಡ್ರಾಪ್‌ಔಟ್ ಬೇಕು, ಅಂದರೆ ಒಳಗೆ 4.4. ತುಂಬಿದ ಸೆಲ್ ಕೂಡ ಅಷ್ಟು ಕೊಡಲ್ಲ! ಎಂಸಿಪಿ1700ಗೆ 0.2 ವೋಲ್ಟಿನಷ್ಟು ಮೇಲಿದ್ದರೆ ಸಾಕು, ಹಾಗಾಗಿ 3.5ರವರೆಗೂ ಎಳೆಯಬಹುದು. ಮಧ್ಯದ ಅಂತರ ಚಿಕ್ಕದಾದ್ದರಿಂದ ಇಲ್ಲಿ ಬಿಸಿಯ ಮಾತು ಅಷ್ಟಾಗಿ ಬರಲ್ಲ. ಕೆರೆಯಲ್ಲಿ ನೀರು ಕಮ್ಮಿ ಇದ್ದಾಗ ಡ್ರಾಪ್‌ಔಟ್ ನೋಡಬೇಕು, ನೀರು ಜಾಸ್ತಿ ಇದ್ದಾಗ ಶಾಖ ನೋಡಬೇಕು.

ಸರಿ, ನಮ್ಮ ಕೇಳುಗರಿಗೆ ಪರಿಹಾರ ಏನು? ಅಗ್ಗದ್ದು ಹೀಟ್‌ಸಿಂಕ್. ಎಷ್ಟು ದೊಡ್ಡದು ಬೇಕು ಅನ್ನೋದಕ್ಕೂ ಅದೇ ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಸಿಲಿಕಾನ್ 110 ದಾಟಬಾರದು, ಪೆಟ್ಟಿಗೆಯೊಳಗೆ 50 ಇದೆ. ನಮಗೆ ಉಳಿದಿರೋದು 60 ಡಿಗ್ರಿ. 1.84ರಿಂದ ಭಾಗಿಸಿದರೆ ಪ್ರತಿ ವ್ಯಾಟಿಗೆ ಸುಮಾರು 32 ಡಿಗ್ರಿ. ಇದರಲ್ಲಿ ಸಿಲಿಕಾನ್‌ನಿಂದ ಹಿಂದಿನ ಲೋಹದ ತಟ್ಟೆಗೆ ಬರೋಕೆ 5, ತಟ್ಟೆ ಹೀಟ್‌ಸಿಂಕಿಗೆ ಕೂರೋ ಜಾಗದಲ್ಲಿ ಪೇಸ್ಟ್ ಹಚ್ಚಿದರೂ 1 ಹೋಗುತ್ತೆ. ಉಳಿದದ್ದು 26. ಅಂಗಡಿಯಲ್ಲಿ "20 ಡಿಗ್ರಿ ಪರ್ ವ್ಯಾಟ್" ಅಂತ ಗುರುತಿರೋ ಚಿಕ್ಕ ಹೀಟ್‌ಸಿಂಕ್ ಸಿಕ್ಕಿದರೆ ಸಾಕು. ಆಗ ಒಟ್ಟು ಏರಿಕೆ 48, ಸಿಲಿಕಾನ್ 98 ಡಿಗ್ರಿ.

ಆದರೆ ಹೀಟ್‌ಸಿಂಕ್ ಶಾಖವನ್ನು ತಿನ್ನೋದಿಲ್ಲ, ಗಾಳಿಗೆ ದಾಟಿಸುತ್ತೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಅಲ್ಲೇ ಸುತ್ತುತ್ತೆ, 50 ಇದ್ದದ್ದು ಇನ್ನೂ ಏರುತ್ತೆ. ಪೆಟ್ಟಿಗೆ ಲೋಹದ್ದಾದರೆ 7805 ಅನ್ನು ಅದರ ಗೋಡೆಗೇ ಬೋಲ್ಟ್ ಮಾಡೋದು ನನಗೆ ಇಷ್ಟ. 7805ರ ತಟ್ಟೆ ಒಳಗಡೆ ಗ್ರೌಂಡಿಗೇ ಸೇರಿರೋದರಿಂದ, ಪೆಟ್ಟಿಗೆಯೂ ಬ್ಯಾಟರಿಯ ನೆಗೆಟಿವ್‌ಗೆ ಸೇರಿದ್ದರೆ ಶಾರ್ಟ್ ಭಯ ಇಲ್ಲ. ಎಲ್‌ಎಂ317ನಲ್ಲಿ ಹಾಗಲ್ಲ, ಅದರ ತಟ್ಟೆ ಔಟ್‌ಪುಟ್‌ಗೆ ಸೇರಿರುತ್ತೆ, ಮಧ್ಯೆ ಮೈಕಾ ಹಾಳೆ ಇಡದೆ ಬೋಲ್ಟ್ ಮಾಡಬೇಡಿ.

ಇನ್ನೂ ಒಂದು ದಾರಿ ಬಕ್ ಕನ್ವರ್ಟರ್. ಅದು ಹೆಚ್ಚಿನ ವೋಲ್ಟೇಜನ್ನು ಸುಡೋದಿಲ್ಲ, ಸ್ವಿಚ್ ಮಾಡಿ ಬದಲಾಯಿಸುತ್ತೆ. ಈ ಪೆಟ್ಟಿಗೆಗೆ ನಿಜಕ್ಕೆ ಬೇಕಿರೋದು 5 ವೋಲ್ಟ್, 0.2 ಆಂಪಿಯರ್, ಅಂದರೆ 1 ವ್ಯಾಟ್. ಅದಕ್ಕಾಗಿ 7805 1.84 ವ್ಯಾಟ್ ಶಾಖ ಮಾಡ್ತಿದೆ. ಶೇಕಡಾ 85ರ ದಕ್ಷತೆ ಇರೋ ಬಕ್ ಆದರೆ ನಷ್ಟ 0.2 ವ್ಯಾಟಿಗಿಂತ ಕಮ್ಮಿ, ಬ್ಯಾಟರಿಯಿಂದ ಎಳೆಯೋ ಕರೆಂಟ್ ಅರ್ಧಕ್ಕಿಂತ ಕೆಳಗೆ. ಸೋಲಾರ್ ಮೇಲೆ ನಡೆಯೋ ಪೆಟ್ಟಿಗೆಗೆ ನಾನಾದರೆ ಇದನ್ನೇ ಹಾಕ್ತೀನಿ. ಸೂಕ್ಷ್ಮ ಸೆನ್ಸರ್ ಇದ್ದು ಸ್ವಿಚಿಂಗ್ ಗಲಾಟೆ ಆಗಬಾರದು ಅಂತಿದ್ದರೆ ಮಾತ್ರ ಲೀನಿಯರ್ ಉಳಿಸಿಕೊಳ್ಳಿ.

ನಿಮ್ಮ ಪೆಟ್ಟಿಗೆಯಲ್ಲೂ ಹೀಗೇ ಆಗ್ತಿದ್ದರೆ, ಏನನ್ನೂ ಬದಲಾಯಿಸೋ ಮುಂಚೆ ಮಲ್ಟಿಮೀಟರ್ ಹಿಡಿದು ಕೂತ್ಕೊಳ್ಳಿ. ತೊಂದರೆ ಆಗ್ತಿರೋ ಹೊತ್ತಿನಲ್ಲೇ 7805ರ ಒಳಗಿನ ಕಾಲು, ಹೊರಗಿನ ಕಾಲು ಎರಡರಲ್ಲೂ ವೋಲ್ಟೇಜ್ ನೋಡಿ. ಒಳಗೆ 7ಕ್ಕಿಂತ ಕೆಳಗೆ ಇಳಿದು, ಅದರ ಹಿಂದೆಯೇ ಹೊರಗಿನದೂ ಇಳೀತಿದ್ದರೆ ಅದು ಡ್ರಾಪ್‌ಔಟ್. ಬ್ಯಾಟರಿಯನ್ನೋ ತೆಳುವಾದ ವಯರನ್ನೋ ಹುಡುಕಿ. ಒಳಗೆ 13, 14 ಗಟ್ಟಿಯಾಗಿ ನಿಂತಿದ್ದು ಹೊರಗಿನದು ಮಾತ್ರ ಬಿದ್ದು ಏಳ್ತಿದ್ದರೆ, ಲೋಡ್ ಕಡೆ ಶಾರ್ಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ, ಅದು ಶಾಖ. ಬೆರಳಿಟ್ಟು ಪರೀಕ್ಷೆ ಮಾಡೋಕೆ ಹೋಗಬೇಡಿ. 60 ಡಿಗ್ರಿಗೇ ಬೆರಳು ತಾಳಲ್ಲ, ಆಮೇಲೆ ಅದು 70 ಇತ್ತೋ 140 ಇತ್ತೋ ಅನ್ನೋದು ಬೆರಳಿಗೆ ಗೊತ್ತಾಗಲ್ಲ.