ರೋಡ್‌ಮ್ಯಾಪಿನ ಬಾಣಗಳು ಪಟ್ಟಿಗೆ ಇಳಿದಾಗ

ಸಹಕಾರಿ ಬ್ಯಾಂಕೊಂದು ಮೊಬೈಲ್ ಆ್ಯಪ್ ತರಲು ಹೊರಟಿದೆ ಎಂದುಕೊಳ್ಳಿ. ಆಡಳಿತ ಮಂಡಳಿಗೆ ತೋರಿಸಿದ್ದು ಒಂದೇ ಸ್ಲೈಡ್. ಮೇಲ್ಗಡೆ ತ್ರೈಮಾಸಿಕಗಳು, ಕೆಳಗೆ ಕೆಲಸಗಳ ಬಣ್ಣದ ಪಟ್ಟಿಗಳು, ಮೈಲಿಗಲ್ಲಿಗೊಂದು ವಜ್ರಾಕೃತಿ, ನಡುನಡುವೆ ಬಾಣಗಳು. ಇದನ್ನು ತಾರೀಖುವಾರು ಸಾದಾ ಪಟ್ಟಿಯಾಗಿ ಬರೆದುಕೊಡಿ ಅಂದರೆ ಹೆಚ್ಚಿನವರು ಮಾಡುವುದು ಒಂದೇ: ಪಠ್ಯವನ್ನೆಲ್ಲ ಕಾಪಿ ಮಾಡಿ ಅಂಟಿಸುವುದು.

ಎಡವಟ್ಟಾಗುವುದು ಅಲ್ಲೇ. ಹಾಗೆ ತೆಗೆದ ಪಠ್ಯ ಸಾಮಾನ್ಯವಾಗಿ ಆಕೃತಿಗಳು ಸ್ಲೈಡಿನಲ್ಲಿ ಒಂದರ ಮೇಲೊಂದು ಕೂತಿರುವ ಕ್ರಮದಲ್ಲಿ ಬರುತ್ತದೆ. ಎಡದಿಂದ ಬಲಕ್ಕೆ ಕಾಣುವ ಕಾಲಕ್ರಮಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಣದಲ್ಲಿ ಅಕ್ಷರವೇ ಇಲ್ಲದ್ದರಿಂದ ಅದು ಬರುವುದೇ ಇಲ್ಲ. ಆದ್ದರಿಂದ ಒಂದೊಂದು ಬಾಣವನ್ನೂ ಕಣ್ಣಿಟ್ಟು ನೋಡಿ, 'ಇದು ಮುಗಿದ ಮೇಲೆ ಅದು' ಎಂದು ಮಾತಿನಲ್ಲಿ ಬರೆದುಕೊಳ್ಳಬೇಕು. ಬಾಣ ಯಾವ ಪೆಟ್ಟಿಗೆಯದು ಎಂಬ ಅನುಮಾನ ಬಂದರೆ ಫೈಲಿನ ಪ್ರತಿಯೊಂದರಲ್ಲಿ ಪೆಟ್ಟಿಗೆಯನ್ನು ಎಳೆದು ನೋಡಿ. ಬಾಣದ ತುದಿ ಜೊತೆಗೇ ಬಂದರೆ ಅದನ್ನು ಅಲ್ಲಿಗೆ ಜೋಡಿಸಿದ್ದಾರೆ. ಬಾರದಿದ್ದರೆ ಸುಮ್ಮನೆ ಗೀಟು ಎಳೆದಿದ್ದಾರೆ, ಬರೆದವರನ್ನೇ ಕೇಳಬೇಕು.

ನಮ್ಮ ಬ್ಯಾಂಕಿನ ಸ್ಲೈಡನ್ನು ಹೀಗೆ ಬಿಡಿಸಿದರೆ ಸಿಗುವುದು ಇಷ್ಟು:

ಆಗಸ್ಟ್ 2025, ಸುಮಾರು ಮಧ್ಯಭಾಗ: ಹೊಸ ಸರ್ವರಿಗೆ ವರ್ಗಾವಣೆ ಮುಕ್ತಾಯ.
2 ಅಕ್ಟೋಬರ್ 2025: ಆ್ಯಪ್ ಬಿಡುಗಡೆ. ಭದ್ರತಾ ತಪಾಸಣೆ ಮೊದಲು ಮುಗಿದಿರಬೇಕು.
Q3: ಭದ್ರತಾ ತಪಾಸಣೆ. ಸರ್ವರ್ ವರ್ಗಾವಣೆ ಮೊದಲು ಮುಗಿದಿರಬೇಕು.

ಮೊದಲ ಸಾಲಿನ 'ಸುಮಾರು' ಬೇಕೆಂದೇ ಬರೆದದ್ದು. ಪಟ್ಟಿಯ ಬಲತುದಿ ಆಗಸ್ಟಿನ ನಡುವೆ ನಿಂತಿದೆ, ಅಷ್ಟೇ. ಅದನ್ನು '15 ಆಗಸ್ಟ್' ಎಂದು ಬರೆದರೆ ಯಾರೂ ಕೊಡದ ಗಡುವನ್ನು ನಾವೇ ಕೊಟ್ಟಂತೆ.

ಇನ್ನು ಎರಡು, ಮೂರನೆಯ ಸಾಲು ನೋಡಿ. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ Q3 ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ತಪಾಸಣೆ ಆಗ ನಡೆಯುವುದಾದರೆ 2 ಅಕ್ಟೋಬರಿಗೆ ಬಿಡುಗಡೆ ಹೇಗೆ? ಸ್ಲೈಡಿನಲ್ಲಿ ಎರಡೂ ವಜ್ರಗಳು ಅಕ್ಕಪಕ್ಕ ಇದ್ದುದರಿಂದ ಮಂಡಳಿಯಲ್ಲಿ ಯಾರಿಗೂ ಇದು ಹೊಳೆದಿರಲಿಕ್ಕಿಲ್ಲ. ಆದರೆ ಸ್ಲೈಡ್ ಮಾಡಿದ ಸಾಫ್ಟ್‌ವೇರ್ ಕಂಪನಿ ಜನವರಿಯಿಂದ ಲೆಕ್ಕ ಹಿಡಿಯುವುದಾದರೆ Q3 ಅಂದರೆ ಜುಲೈನಿಂದ ಸೆಪ್ಟೆಂಬರ್. ಆಗ ತಪಾಸಣೆ ಬಿಡುಗಡೆಗಿಂತ ಮೊದಲೇ ಮುಗಿಯುತ್ತದೆ, ತಕರಾರೇ ಇಲ್ಲ. ಯಾವುದು ಸರಿ ಎಂದು ಪಟ್ಟಿ ಮಾಡುವವರು ಊಹಿಸಿ ತಿದ್ದಬಾರದು. ಸಾಲನ್ನು ಇದ್ದಂತೆ ಬಿಟ್ಟು, ಪಕ್ಕದಲ್ಲಿ 'ಯಾವ ವರ್ಷದ Q3?' ಎಂದು ಬರೆದು ಕಂಪನಿಗೆ ಕಳಿಸಬೇಕು. ಕಳಿಸುವ ಮೊದಲು ಸ್ಲೈಡಿನ ಕೆಳಗಿನ ನೋಟ್ಸ್ ಜಾಗವನ್ನೂ ಅಡಗಿಸಿಟ್ಟ ಸ್ಲೈಡುಗಳನ್ನೂ ಒಮ್ಮೆ ತೆರೆದು ನೋಡಿ. 'ಮಂಡಳಿ ಒಪ್ಪಿದರೆ ಮಾತ್ರ' ಎಂಬಂಥ ಷರತ್ತುಗಳು ಅಲ್ಲಿ ಕೂತಿರುವುದುಂಟು.