ಮುಲುಂಡ್‌ನಲ್ಲಿ ನೂರು ರೂಪಾಯಿ ಮೂರು ನೂರಾಗುವುದು ಹೇಗೆ?

ಮುಲುಂಡ್‌ನ ಎಲ್.ಬಿ.ಎಸ್. ಮಾರ್ಗದಲ್ಲಿ ಒಂದು ಕಾಲಕ್ಕೆ ಕಾರ್ಖಾನೆಗಳ ಸಾಲೇ ಇತ್ತು. ಈಗ ಅಲ್ಲಿ ಮಾಲ್‌ಗಳು, ವಸತಿ ಗೋಪುರಗಳು ಎದ್ದಿವೆ. ‘ಕಾರ್ಖಾನೆಯಿದ್ದರೆ ಒಂದು ರೂಪಾಯಿಗೆ ಮೂರು ರೂಪಾಯಿ ವಹಿವಾಟು’ ಎಂದು ಹಳಬರು ಹೇಳುವುದುಂಟು. ಈ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ.

ಇದಕ್ಕೆ ದಾರಿ ತೋರಿಸಿದವರು ವಾಸಿಲಿ ಲಿಯೊಂಟಿಫ್. 1936ರಲ್ಲಿ ಅಮೆರಿಕದ ಆರ್ಥಿಕತೆಗೆ ಇಂಥ ಕೋಷ್ಟಕ ಪ್ರಕಟಿಸಿದ ಅವರಿಗೆ 1973ರಲ್ಲಿ ನೊಬೆಲ್ ಬಂತು. ಭಾರತದ 2007-08ರ ಕೋಷ್ಟಕದಲ್ಲಿ 130 ವಲಯಗಳಿವೆ. ನಮಗೆ ಕೃಷಿ, ಕೈಗಾರಿಕೆ, ಸೇವೆ ಎಂಬ ಮೂರೇ ಸಾಕು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾಡಿಕೊಂಡವು.

```
A = 0.2  0.2  0
    0.2  0.4  0.2
    0    0.2  0.2
```

ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ನಡುವಿನದು ಕೈಗಾರಿಕೆ. ಅದು ನೂರು ರೂಪಾಯಿ ಸರಕು ಮಾಡಲು ಕೃಷಿಯಿಂದ 20, ತನ್ನಂಥದೇ ಕಾರ್ಖಾನೆಗಳಿಂದ 40, ಸೇವೆಯಿಂದ 20 ರೂಪಾಯಿಯಷ್ಟು ಕೊಳ್ಳುತ್ತದೆ. ಉಳಿದ 20 ಕೂಲಿ, ಬಾಡಿಗೆ, ಲಾಭ.

ಒಟ್ಟು ಉತ್ಪಾದನೆ x, ಅಂತಿಮ ಬೇಡಿಕೆ d ಎಂದರೆ x = Ax + d. ಅಂದರೆ x = (I − A)⁻¹ d. ಇನ್‌ವರ್ಸ್ ತೆಗೆದರೆ:

```
1.375  0.5  0.125
0.5    2    0.5
0.125  0.5  1.375
```

ಒಂದೊಂದು ಕಂಬಸಾಲಿನ ಮೊತ್ತವೇ ಆ ವಲಯದ ಗುಣಕ. ಕೈಗಾರಿಕೆಗೆ 3, ಸೇವೆಗೆ 2. ಹಳಬರ ಮಾತು ನಿಜವೆನಿಸಿತಲ್ಲ? ಮೂರನೆಯ ಕಂಬಸಾಲಿನ ಮೇಲ್ತುದಿಯನ್ನೂ ನೋಡಿ. ಸೇವೆಯು ಕೃಷಿಯಿಂದ ನೇರವಾಗಿ ಏನೂ ಕೊಳ್ಳುವುದಿಲ್ಲ. ಆದರೂ ಸೇವೆಗೆ ನೂರು ರೂಪಾಯಿ ಬೇಡಿಕೆ ಬಂದರೆ ಹೊಲದಲ್ಲಿ ಹನ್ನೆರಡೂವರೆ ರೂಪಾಯಿ ಬೆಳೆ ಬರಬೇಕು. ಹೋಟೆಲಿನವರು ರವೆ, ಎಣ್ಣೆಯನ್ನು ಮಿಲ್ಲಿನಿಂದ ಕೊಂಡರೆ, ಮಿಲ್ಲು ರೈತನಿಂದ ಕೊಳ್ಳುತ್ತದೆ. ಆ ಸರಪಳಿಯನ್ನು ಇನ್‌ವರ್ಸ್ ಕೊನೆಯವರೆಗೆ ಹಿಡಿಯುತ್ತದೆ.

ಆದರೆ ಎಡವುವುದೂ ಇಲ್ಲೇ. ಈ 3 ಎಂಬುದು ವಹಿವಾಟು, ಆದಾಯವಲ್ಲ. ಗೋಧಿಯ ಬೆಲೆ ಹೊಲದಲ್ಲೊಮ್ಮೆ, ರವೆಯೊಳಗೆ ಮತ್ತೊಮ್ಮೆ ಎಣಿಕೆಯಾಗಿದೆ. ಆದಾಯ ತಿಳಿಯಲು ಪ್ರತಿ ವಲಯದ ಕೂಲಿ-ಲಾಭದ ಪಾಲನ್ನು ಹಿಡಿಯಿರಿ: ಕೃಷಿ 0.6, ಕೈಗಾರಿಕೆ 0.2, ಸೇವೆ 0.6. ಕೈಗಾರಿಕೆಗೆ 0.5×0.6 + 2×0.2 + 0.5×0.6 = 1. ಸೇವೆಗೆ 0.125×0.6 + 0.5×0.2 + 1.375×0.6, ಅದೂ 1. ಹೊರಗಿನಿಂದ ಏನೂ ತರದ ಆರ್ಥಿಕತೆಯಲ್ಲಿ ಎಲ್ಲಿ ಖರ್ಚು ಮಾಡಿದರೂ ನೂರು ರೂಪಾಯಿಗೆ ನೂರೇ ಆದಾಯ. ಬದಲಾಗುವುದು ಅದು ಯಾರ ಕೈಗೆ ಹಂಚಿಹೋಗುತ್ತದೆ ಎಂಬುದು ಮಾತ್ರ.

ಇನ್ನು ಮುಲುಂಡ್ ಒಂದಕ್ಕೇ ಕೋಷ್ಟಕ ಹಾಕಿದರೆ? ಹೊರಗಿನಿಂದ ಬರುವ ಕಚ್ಚಾ ಸರಕನ್ನು Aಯಿಂದ ಕಳೆಯಬೇಕು. ಆಗ ಗುಣಕ ಒಂದರ ಹತ್ತಿರಕ್ಕೆ ಇಳಿಯುತ್ತದೆ, ಊರಿನಲ್ಲಿ ಉಳಿಯುವುದು ಹೆಚ್ಚಾಗಿ ಸ್ಥಳೀಯ ಸಂಬಳವೇ. ಹಾಗಾಗಿ ‘ನಮ್ಮ ಯೋಜನೆಗೆ ಮೂರು ಪಟ್ಟು ಲಾಭ’ ಎಂದು ಯಾರಾದರೂ ಹೇಳಿದರೆ ಎರಡು ಪ್ರಶ್ನೆ ಕೇಳಿ: ಅದು ವಹಿವಾಟೋ, ಆದಾಯವೋ? ಸರಕು ಎಲ್ಲಿಂದ ಬರುತ್ತದೆ?