ಪೆಟ್ಟಿಗೆಯಲ್ಲಿ ಬರಬೇಕಾದ್ದು ಕಾಯಿ

ಮಾವಿನ ತೋಪುಗಳಿಂದ ಈಗ ಮುಂಗಡ ಬುಕಿಂಗ್ ಪ್ರಕಟಣೆಗಳು ಬರುವ ಕಾಲ. ರಾಮನಗರದ ಕಡೆಯ ಬಾದಾಮಿಯ ಮೂರು ಕೆಜಿ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಕಾಯಿ ಒಂದೊಂದೂ ಕಾಲು ಕೆಜಿ ತೂಗಿದರೆ ಅದರಲ್ಲಿ ಹನ್ನೆರಡು ಹಿಡಿಸುತ್ತವೆ. ಒಂದು ಪ್ರಕಟಣೆ, ಮಾಗಿದ ಹಣ್ಣನ್ನು ಇಂಥ ದಿನವೇ ಮನೆಗೆ ಮುಟ್ಟಿಸುತ್ತೇವೆ ಎನ್ನುತ್ತದೆ. ಇನ್ನೊಂದು, ಬಲಿತ ಕಾಯಿ ಕಳಿಸುತ್ತೇವೆ, ದಿನ ಕೊಯ್ಲಿನ ಹೊತ್ತಿಗೆ ತಿಳಿಸುತ್ತೇವೆ ಎನ್ನುತ್ತದೆ. ಮೊದಲನೆಯದು ಆಕರ್ಷಕ ನಿಜ, ಆದರೆ ದುಡ್ಡು ಕಟ್ಟಬೇಕಾದ್ದು ಎರಡನೆಯದಕ್ಕೆ.

ಬಾದಾಮಿ ಎಂದರೆ ಧಾರವಾಡದವರು ಆಪೂಸ್ ಎನ್ನುವ ತಳಿಯೇ. ಬಲಿತ ಮೇಲೆ ಕಿತ್ತರೆ ಮರದಿಂದಾಚೆಗೂ ಚೆನ್ನಾಗಿ ಮಾಗುತ್ತದೆ, ಎಳೆಯದನ್ನು ಕಿತ್ತರೆ ಸುಕ್ಕುಗಟ್ಟಿ ಹುಳಿಯಾಗಿಯೇ ಉಳಿಯುತ್ತದೆ. ಬಲಿತದ್ದಕ್ಕೆ ಗುರುತು ತೊಟ್ಟಿನ ಬಳಿ ಸಿಗುತ್ತದೆ: ಕಾಯಿಯ ಭುಜ ಎರಡೂ ಕಡೆ ಉಬ್ಬಿ, ತೊಟ್ಟು ಸಣ್ಣ ಗುಳಿಯಲ್ಲಿ ಕೂತಂತೆ ಕಾಣಬೇಕು. ಅನುಮಾನವಿದ್ದರೆ ಬಕೆಟ್ ನೀರಿಗೆ ಬಿಡಿ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಕೀಳುವಾಗ ಬೆರಳಗಲ ತೊಟ್ಟು ಬಿಟ್ಟು, ಆಮೇಲೆ ಅದನ್ನು ಮುರಿದು ಕಾಯನ್ನು ತಲೆಕೆಳಗಾಗಿಸಿ ಸೊನೆ ಬಸಿಯುತ್ತಾರೆ. ಹಾಗೆ ಮಾಡದಿದ್ದರೆ ಸೊನೆ ಹರಿದಲ್ಲೆಲ್ಲ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ.

ಹಣ್ಣಿಗೆ ದುಡ್ಡು ಕೊಟ್ಟು ಕಾಯಿ ಯಾಕೆ ತರಿಸಿಕೊಳ್ಳಬೇಕು, ಮಾಗಿಸುವ ಕೆಲಸವೂ ನಮ್ಮದೇಯೇ ಎಂಬ ತಕರಾರು ಸಹಜ. ಆದರೆ ಬಾದಾಮಿಯ ಸಿಪ್ಪೆ ತೆಳು. ಮಾಗಿದ್ದು ಎರಡು ದಿನ ವಾಹನದಲ್ಲಿ ಕುಲುಕಿದರೆ ಮನೆಗೆ ಬರುವುದು ರಸ. ಬೇಗ ಬಣ್ಣ ತರಿಸುವ ಕಾರ್ಬೈಡ್ ಕಾನೂನಿನಲ್ಲೇ ನಿಷಿದ್ಧ. ಅದು ಸಿಪ್ಪೆಯನ್ನು ಹಳದಿ ಮಾಡಿದರೂ ಒಳಗೆ ಹುಳಿ ಹಾಗೇ ಇರಬಹುದು. ಎಥಿಲೀನ್ ಅನಿಲಕ್ಕೆ ಅನುಮತಿ ಇದೆ, ಅದರಲ್ಲಿ ಮೋಸವೇನಿಲ್ಲ. ಆದರೆ ಮನೆಯಲ್ಲಿ ಅದೂ ಬೇಡ. ಪೆಟ್ಟಿಗೆ ಬಂದ ಕೂಡಲೇ ಬಿಚ್ಚಿ, ಒಣಹುಲ್ಲಿನಲ್ಲೋ ಹಳೆಯ ಪತ್ರಿಕೆಯ ನಡುವೆಯೋ ಒಂದೇ ಪದರವಾಗಿ ಅಡೆ ಹಾಕಿದರೆ ಸಾಕು, ಸುಮಾರು ಒಂದು ವಾರದಲ್ಲಿ ತೊಟ್ಟಿನ ಹತ್ತಿರ ಘಮ ಏಳುತ್ತದೆ. ಬಣ್ಣಕ್ಕಿಂತ ಮೂಗನ್ನು ನಂಬಿ. ಕಾಯನ್ನು ಮಾತ್ರ ಫ್ರಿಜ್ಜಿಗೆ ಇಡಬೇಡಿ; ಆ ಚಳಿಗೆ ಮಾಗುವುದೇ ಕೆಡುತ್ತದೆ.

ದಿನ ಹೇಳದವರನ್ನು ನಂಬುವುದು ಹೇಗೆ ಎಂಬುದು ಇನ್ನೊಂದು ಮಾತು. ಒಂದೇ ಮರದಲ್ಲಿ ಹೂ ಎರಡು ಮೂರು ಸಲ ಬರುತ್ತದೆ, ಕಾಯಿಗಳು ಒಟ್ಟಿಗೆ ಬಲಿಯುವುದಿಲ್ಲ. ಕೊಯ್ಲಿನ ಮುಂಜಾನೆ ಮಳೆ ಹೊಡೆದರೆ ಕೀಳುವುದನ್ನು ಮುಂದೂಡಲೇಬೇಕು, ಒದ್ದೆ ಕಾಯಿ ಪೆಟ್ಟಿಗೆಯೊಳಗೆ ತೊಟ್ಟಿನಿಂದ ಕೊಳೆಯುತ್ತದೆ. ಆದ್ದರಿಂದ ಪ್ರಕಟಣೆಯಲ್ಲಿ ಒಂದು ವಾರದ ಅಂದಾಜು ಇದ್ದರೆ ಅದು ಪ್ರಾಮಾಣಿಕತೆ. ತಾರೀಖು ಇದ್ದರೆ ಬಲಿಯದ್ದನ್ನೂ ಕೀಳುವ ಆಸೆ.

ಇಷ್ಟಾದರೂ ಒಂದು ದೋಷ ಯಾರ ಕೈಗೂ ಸಿಗುವುದಿಲ್ಲ. ಹೊರಗೆ ಚೆಂದವಾಗಿದ್ದ ಬಾದಾಮಿಯನ್ನು ಕೊಯ್ದರೆ ಕೆಲವೊಮ್ಮೆ ಓಟೆಯ ಸುತ್ತ ಬಿಳಿಚಿದ, ಸ್ಪಂಜಿನಂಥ ಹುಳಿ ತಿರುಳು ಇರುತ್ತದೆ. ನೀರಿಗೆ ಬಿಟ್ಟರೂ ಮೂಸಿದರೂ ಅದು ಖಚಿತವಾಗಿ ಗೊತ್ತಾಗದು. ಅಂಥ ಹಣ್ಣಿನ ಫೋಟೊ ಕಳಿಸಿದರೆ ಬದಲಿ ಕೊಡುವಿರಾ ಎಂದು ಬುಕಿಂಗ್‌ಗೆ ಮೊದಲೇ ಕೇಳಿಬಿಡಿ.